ಮುಟ್ಟಿಗೆ ಮೊದಲೇ ಕಾಣುವ ಕಂದು ಕಲೆ: ನಾನು ದಿನ ಎಣಿಸಿದ್ದು ಹೀಗೆ

ಮುಟ್ಟು ಶುರುವಾಗುವ ಮೂರ್ನಾಲ್ಕು ದಿನ ಮೊದಲೇ ನನಗೆ ಕಂದು ಕಲೆ ಕಾಣುತ್ತಿತ್ತು. ಪ್ಯಾಡ್ ಬೇಕಾಗುವಷ್ಟು ಏನಲ್ಲ, ಒರೆಸಿದಾಗ ಕಾಣುವಷ್ಟು. ಮಗುವಿಗಾಗಿ ಪ್ರಯತ್ನ ಶುರು ಮಾಡುವ ತನಕ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಆಮೇಲೆ ಅದೇ ದೊಡ್ಡ ಪ್ರಶ್ನೆ ಆಯ್ತು. ಕಲಬುರಗಿಯಂಥ ಬಿಸಿಲೂರಿನಲ್ಲಿ ಇದಕ್ಕೆ ಎಲ್ಲರ ಬಳಿಯೂ ಒಂದು ಉತ್ತರ ಸಿದ್ಧವಾಗಿರುತ್ತದೆ. "ಉಷ್ಣ ಆಗ್ಯಾದ ಯವ್ವಾ, ಸಬ್ಜಾ ಬೀಜ ನೆನಿಸಿ ಕುಡಿ" ಅಂದರು ಅತ್ತೆ. ಕುಡಿದೆ. ಕಲೆ ಬರುವುದು ನಿಲ್ಲಲಿಲ್ಲ, ಯಾಕಂದ್ರೆ ಇದು ಮೈ ಕಾವಿನ ವಿಷಯ ಅಲ್ಲ.

ಅಂಡಾಶಯದಿಂದ ಅಂಡ ಹೊರಬಂದ ಮೇಲೆ ಅದು ಇದ್ದ ಜಾಗದಲ್ಲಿ ಒಂದು ಹಳದಿ ಗ್ರಂಥಿ ಉಳಿಯುತ್ತದೆ. ಅದು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಮಾಡುತ್ತದೆ. ಗರ್ಭಕೋಶದ ಒಳಪದರವನ್ನು ಹಿಡಿದು ನಿಲ್ಲಿಸುವುದು ಈ ಹಾರ್ಮೋನೇ. ಅದು ಬೇಗ ಇಳಿದರೆ ಒಳಪದರ ಅಲ್ಲಲ್ಲಿ ಸಡಿಲಾಗುತ್ತದೆ, ಹನಿ ಹನಿ ರಕ್ತ ಬರುತ್ತದೆ. ರಕ್ತ ಸ್ವಲ್ಪವೇ ಇರುವುದರಿಂದ ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ಕಂದಾಗುತ್ತದೆ. ಅಂಡ ಹೊರಬಂದ ಮರುದಿನದಿಂದ ಮುಟ್ಟಿನ ಹಿಂದಿನ ದಿನದ ತನಕದ ಅವಧಿಗೆ ಲೂಟಿಯಲ್ ಫೇಸ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು 12ರಿಂದ 14 ದಿನ ಇರುತ್ತದೆ. 10 ದಿನ ಅಥವಾ ಅದಕ್ಕಿಂತ ಕಡಿಮೆ ಆದರೆ ಚಿಕ್ಕದು ಅಂತ ಲೆಕ್ಕ.

ಈ ಅವಧಿಯನ್ನು ಅಳೆಯಬೇಕು ಅಂದ್ರೆ ಎರಡು ದಿನ ಸರಿಯಾಗಿ ಗೊತ್ತಿರಬೇಕು: ಅಂಡ ಯಾವಾಗ ಹೊರಬಂತು, ಮುಟ್ಟು ಯಾವಾಗ ಶುರುವಾಯ್ತು. ಎರಡನೆಯದು ಸುಲಭ ಅನಿಸುತ್ತದೆ ಅಲ್ವಾ? ಹೆಚ್ಚಿನವರ ಲೆಕ್ಕ ತಪ್ಪುವುದು ಅಲ್ಲೇ. ಪ್ಯಾಡ್ ಬೇಕಾಗುವಷ್ಟು ಕೆಂಪು ರಕ್ತ ಬಂದ ದಿನವೇ ಮೊದಲನೇ ದಿನ. ಕಂದು ಕಲೆಯ ದಿನಗಳು ಹಿಂದಿನ ತಿಂಗಳಿಗೆ ಸೇರುತ್ತವೆ, ಅಂದ್ರೆ ಲೂಟಿಯಲ್ ಫೇಸ್ ಒಳಗೇ ಬರುತ್ತವೆ.

ಅಂಡ ಬಿಡುಗಡೆಯ ದಿನ ತಿಳಿಯಲು ನಾನು ಎರಡು ವಸ್ತು ಕೊಂಡೆ. ಒಂದು, ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಶನ್ ಸ್ಟ್ರಿಪ್. ಮೂತ್ರದಲ್ಲಿ ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನ್ ಏರಿದಾಗ ಅದರ ಗೆರೆ ಗಾಢವಾಗುತ್ತದೆ, ಆಮೇಲೆ ಒಂದು ಒಂದೂವರೆ ದಿನದಲ್ಲಿ ಅಂಡ ಹೊರಬರುತ್ತದೆ. ಇನ್ನೊಂದು, ಎರಡು ದಶಾಂಶ ತೋರಿಸುವ ಡಿಜಿಟಲ್ ಥರ್ಮಾಮೀಟರ್. ಬೆಳಿಗ್ಗೆ ಎಚ್ಚರವಾದ ಕೂಡಲೇ, ಎದ್ದು ಕೂರುವ ಮೊದಲೇ, ಬಾಯಲ್ಲಿಟ್ಟು ನೋಡಬೇಕು. ಪ್ರೊಜೆಸ್ಟರಾನ್ ಬಂದ ಮೇಲೆ ಮೈಯ ತಾಪ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ, ಮುಟ್ಟಿನ ತನಕ ಮೇಲೆಯೇ ಇರುತ್ತದೆ. ಒಂದು ದಿನ ಏರಿದ್ದನ್ನು ನಂಬಬೇಡಿ. ಸತತ ಮೂರು ದಿನ ಮೇಲೆ ಇದ್ದರೆ ಮಾತ್ರ ಅಂಡ ಹೊರಬಂದಿದೆ ಅಂತ ಹೇಳಬಹುದು. ಮೇ ತಿಂಗಳಲ್ಲಿ ನಾವು ಮಾಳಿಗೆ ಮೇಲೆ ಮಲಗುತ್ತೇವೆ. ಸೆಕೆಗೆ ನಿದ್ದೆ ಮುರಿದು ಮುರಿದು ಬಂದ ರಾತ್ರಿಗಳ ತಾಪ ಅಡ್ಡಾದಿಡ್ಡಿ ಇರುತ್ತಿತ್ತು. ಅಂಥ ದಿನಗಳ ಮುಂದೆ ಗುರುತು ಹಾಕಿ, ಲೆಕ್ಕದಿಂದ ಬಿಟ್ಟೆ.

ನನ್ನ ಒಂದು ತಿಂಗಳ ಲೆಕ್ಕ ಹೀಗಿತ್ತು. ಸ್ಟ್ರಿಪ್ ಗಾಢವಾಗಿದ್ದು 16ನೇ ದಿನ. 97.4ರ ಆಸುಪಾಸಿನಲ್ಲಿದ್ದ ತಾಪ 18ನೇ ದಿನ ಬೆಳಿಗ್ಗೆ 97.9ಕ್ಕೆ ಏರಿ ಅಲ್ಲೇ ನಿಂತಿತು. ಹಾಗಾಗಿ ಅಂಡ ಹೊರಬಂದಿದ್ದು 17ನೇ ದಿನ ಅಂತ ಇಟ್ಟುಕೊಂಡೆ. 24ನೇ ದಿನ ಕಂದು ಕಲೆ ಶುರು. 28ನೇ ದಿನ ಕೆಂಪು ರಕ್ತ ಬಂತು, ಅದೇ ಹೊಸ ಲೆಕ್ಕದ ಮೊದಲನೇ ದಿನ. ಅಂದ್ರೆ 18ರಿಂದ 27ರ ತನಕ, ಲೂಟಿಯಲ್ ಫೇಸ್ 10 ದಿನ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಹೆಚ್ಚಾಗಿ ಅಂಡ ಹೊರಬಂದ 8ರಿಂದ 10ನೇ ದಿನದೊಳಗೆ. ನನಗೆ ಕಲೆ ಶುರುವಾಗುತ್ತಿದ್ದದ್ದು 7ನೇ ದಿನ. ಇದನ್ನು ನೋಡಿ ಎದೆ ಭಾರವಾಯ್ತು.

ಇದೇ ಲೆಕ್ಕದಿಂದ ನನ್ನ ನೆಗೆಣ್ಣಿಯ ರಿಪೋರ್ಟ್ ಕೂಡ ಅರ್ಥವಾಯ್ತು. ಆಕೆಗೂ ನನ್ನ ಹಾಗೇ ನಾಲ್ಕು ದಿನ ಕಲೆ. ಕಲೆ ಕಂಡ ದಿನವನ್ನೇ ಒಂದು ಅಂತ ಎಣಿಸಿ, 21ನೇ ದಿನ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಮಾಡಿಸಿದ್ದಳು. ಅದು ಮಿಲಿಲೀಟರಿಗೆ 1 ನ್ಯಾನೊಗ್ರಾಂಗಿಂತ ಕಡಿಮೆ ಬಂತು, ಅಂಡವೇ ಬಿಡುಗಡೆ ಆಗುತ್ತಿಲ್ಲ ಅಂದರು. ಮನೆಯಲ್ಲಿ ಎಲ್ಲರೂ ಸಪ್ಪೆ. ಕೆಂಪು ರಕ್ತದಿಂದ ಎಣಿಸಿದರೆ ಅದು 17ನೇ ದಿನ, ಅಂಡ ಹೊರಬರುವ ಹೊತ್ತು. ಆಗ ಪ್ರೊಜೆಸ್ಟರಾನ್ ಏರಿರುವುದೇ ಇಲ್ಲ. ಈ ಪರೀಕ್ಷೆಯನ್ನು ಅಂಡ ಹೊರಬಂದ ಸುಮಾರು ಏಳು ದಿನಕ್ಕೆ ಮಾಡಬೇಕು. 21 ಅನ್ನುವ ಸಂಖ್ಯೆ 14ನೇ ದಿನ ಅಂಡ ಬಿಡುವವರಿಗೆ ಮಾತ್ರ ಹೊಂದುತ್ತದೆ. ಮುಂದಿನ ತಿಂಗಳು ಸರಿಯಾದ ದಿನ ಮಾಡಿಸಿದಾಗ 3ಕ್ಕಿಂತ ಸಾಕಷ್ಟು ಮೇಲೆ ಬಂತು. 3 ದಾಟಿದರೆ ಅಂಡ ಬಿಡುಗಡೆ ಆಗಿದೆ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಏನನ್ನೂ ಆ ಒಂದು ಸಂಖ್ಯೆಯಿಂದ ಹೇಳಲಾಗದು. ಪ್ರೊಜೆಸ್ಟರಾನ್ ಅಲೆ ಅಲೆಯಾಗಿ ಬರುತ್ತದೆ, ಒಂದೇ ದಿನದಲ್ಲಿ ಸಿಕ್ಕಾಪಟ್ಟೆ ಏರಿಳಿಯುತ್ತದೆ.

ನಾನು ತೋರಿಸಿದ ಡಾಕ್ಟರಮ್ಮ ನೋಟ್‌ಬುಕ್ ನೋಡಿ ಮಾತ್ರೆ ಬರೆಯಲಿಲ್ಲ. ಮೊದಲು ಥೈರಾಯ್ಡ್ ಪರೀಕ್ಷೆ, ಎದೆಹಾಲು ಬರಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಪರೀಕ್ಷೆ ಬರೆದರು. ಗರ್ಭಕೋಶದಲ್ಲಿ ಪಾಲಿಪ್ ಅನ್ನುವ ಸಣ್ಣ ಗಂಟು ಇದೆಯೇ ಅಂತ ಸ್ಕ್ಯಾನಿಂಗ್ ಮಾಡಿಸಿದರು. ಮುಟ್ಟಿನಲ್ಲಿ ವಿಪರೀತ ನೋವಿದೆಯಾ, ಕೂಡಿದಾಗ ನೋವಾಗುತ್ತಾ ಅಂತ ಕೇಳಿದರು. ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದವರಲ್ಲೂ ಹೀಗೆ ಕಲೆ ಬರುತ್ತದಂತೆ. ತೂಕ ತೀರಾ ಇಳಿದವರಲ್ಲಿ, ವಿಪರೀತ ವ್ಯಾಯಾಮ ಮಾಡುವವರಲ್ಲಿ, ಹಾಲುಣಿಸುವ ತಾಯಂದಿರಲ್ಲಿ ಕೂಡ ಈ ಅವಧಿ ಚಿಕ್ಕದಾಗುತ್ತದೆ. ನನಗೆ ಸಿಕ್ಕಿದ್ದು ಥೈರಾಯ್ಡ್. ಟಿಎಸ್‌ಎಚ್ ಜಾಸ್ತಿ ಇತ್ತು, ಅಂದ್ರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಚಹಾ ಅದಾದ ಮೇಲೆ. ಕೆಲವು ತಿಂಗಳಲ್ಲಿ ನನ್ನ ಅವಧಿ 12 ದಿನಕ್ಕೆ ಬಂತು, ಕಲೆ ಒಂದು ದಿನಕ್ಕೆ ಇಳಿಯಿತು.

ಆಮೇಲೆ ಗರ್ಭವೂ ನಿಂತಿತು, ಆದರೆ ಅದು ಅವಧಿ ಉದ್ದವಾಗಿದ್ದರಿಂದಲೇ ಅಂತ ನಾನು ಹೇಳುವುದಿಲ್ಲ. ಚಿಕ್ಕ ಲೂಟಿಯಲ್ ಫೇಸ್ ಒಂದೇ ಬಂಜೆತನಕ್ಕೆ ಕಾರಣ ಅನ್ನುವುದು ಸಾಬೀತಾಗಿಲ್ಲ. ಸಂತಾನ ಚಿಕಿತ್ಸೆಯ ಅಮೆರಿಕದ ವೈದ್ಯರ ಸಂಘವೇ 2021ರಲ್ಲಿ ಹಾಗೆ ಬರೆದಿದೆ. ಆರೋಗ್ಯವಾಗಿರುವವರಿಗೂ ಆಗಾಗ ಒಂದು ತಿಂಗಳು ಚಿಕ್ಕದಾಗಿಯೇ ಇರುತ್ತದೆ. ಅಂಥವರಿಗೆ ಗರ್ಭ ನಿಲ್ಲುವುದು ಮೊದಲ ಕೆಲವು ತಿಂಗಳು ಸ್ವಲ್ಪ ತಡವಾಗಬಹುದು, ವರ್ಷದ ಲೆಕ್ಕದಲ್ಲಿ ನೋಡಿದರೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಒಂದು ತಿಂಗಳ ಚಾರ್ಟ್ ನೋಡಿ ತೀರ್ಮಾನ ಮಾಡಬೇಡಿ, ಮೂರು ತಿಂಗಳಾದರೂ ಬರೆದಿಡಿ.

ನಮ್ಮ ಕಡೆ "16ನೇ ದಿನದಿಂದ ತಗೋರಿ" ಅಂತ ಪ್ರೊಜೆಸ್ಟರಾನ್ ಮಾತ್ರೆ ಬರೆದುಕೊಡುವುದು ಸಾಮಾನ್ಯ. 17ಕ್ಕೋ 19ಕ್ಕೋ ಅಂಡ ಬಿಡುವವರಿಗೆ ಅದು ಬೇಗವಾಯ್ತು. ಅಂಡ ಹೊರಬರುವ ಮೊದಲೇ ತೆಗೆದುಕೊಂಡರೆ ಬಿಡುಗಡೆಗೇ ಅಡ್ಡಿ ಆಗಬಹುದು. "ನನಗೆ ಅಂಡ ಬಿಡುವುದು ತಡ, ತಾಪ ಏರಿದ ಮೇಲೆ ಶುರು ಮಾಡಲೇ?" ಅಂತ ಡಾಕ್ಟರನ್ನು ಕೇಳಿ, ಚಾರ್ಟ್ ತೋರಿಸಿ. ಈ ಮಾತ್ರೆ ಮುಟ್ಟನ್ನು ಮುಂದೂಡಬಹುದು. ಮುಟ್ಟು ತಡವಾಯ್ತು ಅಂತಲೇ ಗರ್ಭ ಅಂದುಕೊಳ್ಳಬೇಡಿ. ಮಾತ್ರೆ ನಿಲ್ಲಿಸುವ ಮೊದಲು ಮೂತ್ರ ಪರೀಕ್ಷೆ ಮಾಡಿ.

ಪರೀಕ್ಷೆಯಲ್ಲಿ ಎರಡು ಗೆರೆ ಬಂದ ಮೇಲೂ ಕಂದು ಕಲೆ ಇದ್ದರೆ, ಕಿಬ್ಬೊಟ್ಟೆಯ ಒಂದು ಕಡೆ ನೋವು ಅಥವಾ ತಲೆಸುತ್ತು ಬಂದರೆ ಬೆಳಗಾಗುವ ತನಕ ಕಾಯಬೇಡಿ. ಗರ್ಭವು ಗರ್ಭಕೋಶಕ್ಕೆ ಬರದೆ ಅಂಡನಾಳದಲ್ಲೇ ನಿಂತಿರಬಹುದು. ರಾತ್ರಿಯಾದರೂ ಸರಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಿ.