ಬಸ್ಸಾರು ಸಿಕ್ತಾ?

ಇಷ್ಟವಾದವರಿಗೆ ಕಳಿಸೋಕೆ ಅಂತ ಸಿದ್ಧ ಸಾಲುಗಳು ಬೇಕಾದಷ್ಟು ಸಿಗುತ್ತವೆ. "ಬಸ್ ಒಂದೇ ಅಲ್ಲ, ನಿಮ್ಮನ್ನೂ ಮಿಸ್ ಮಾಡ್ಕೊಂಡೆ" ಅನ್ನೋ ಥರದ್ದು. ಯಾರು ಯಾರಿಗೆ ಬೇಕಾದರೂ ಕಳಿಸಬಹುದು, ಅದಕ್ಕೇ ಅದು ಯಾರಿಗೂ ತಾಗುವುದಿಲ್ಲ. ನಾನು ನಮ್ಮನೆಯವರಿಗೆ ಮದುವೆಗೆ ಮುಂಚೆ ಕಳಿಸುತ್ತಿದ್ದ ಮೆಸೇಜುಗಳನ್ನು ಬೇರೆಯವರು ಓದಿದರೆ ಅಡುಗೆ ಮತ್ತು ನೀರಾವರಿ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಳ್ಳಬೇಕು. ಹಾಗೇ ಇರಬೇಕು ಅಂತಲೇ ಬರೆಯುತ್ತಿದ್ದೆ.

ನಾವಿಬ್ಬರೂ ಮೈಸೂರಿನ ಒಂದೇ ಆಫೀಸಿನಲ್ಲಿದ್ದೆವು. ನಾನು ಮೈಸೂರಿನವಳು. ಅವರು ಮಂಡ್ಯದ ಕಡೆಯವರು, ದಿನಾ ಓಡಾಡುತ್ತಿದ್ದರು. ಊಟದ ಡಬ್ಬಿಯಲ್ಲಿ ಮುದ್ದೆ, ಬಸ್ಸಾರು. ಒಂದು ದಿನ ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದ ಹುಡುಗನೊಬ್ಬ ಡಬ್ಬಿ ನೋಡಿ ಇದೇನು ಅಂತ ಕೇಳಿದ. ಅವರು "ಬಸ್ಸಾರು" ಅಂದರು. ಅವನು ಗಂಭೀರವಾಗಿ, "ಬಸ್ ಆರಕ್ಕಾ? ನಾ ಊಟದ ಬಗ್ಗೆ ಕೇಳಿದ್ದು" ಅಂದ. ಅವರು ಸಂಜೆ ಆರರ ಬಸ್ಸಿಗೇ ಹೋಗುವವರು ಅಂತ ನನಗೆ ಗೊತ್ತಿತ್ತು. ನಾವಿಬ್ಬರೂ ಒಂದೇ ಸಲಕ್ಕೆ ನಕ್ಕೆವು. ಮಿಕ್ಕವರಿಗೆ ಅಷ್ಟೇನೂ ನಗು ಬರಲಿಲ್ಲ.

ನನ್ನ ಪ್ರಕಾರ ಒಳಗಿನ ಜೋಕು ಹುಟ್ಟುವುದು ಹೀಗೆ. ಒಬ್ಬರು ಹೇಳಿ ಇನ್ನೊಬ್ಬರು ನಕ್ಕಿದ್ದು ಸಾಲದು. ಇಬ್ಬರೂ ಒಟ್ಟಿಗೆ, ಒಂದೇ ಕಾರಣಕ್ಕೆ ನಕ್ಕಿರಬೇಕು. ಅಂಥ ಮಾತುಗಳನ್ನು ನಾನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಇಡೀ ಜೋಕನ್ನಲ್ಲ, ಬರೀ ಆ ಪದವನ್ನು. ಬಸ್ಸಾರು, ಮುದ್ದೆ, ಕಟ್ಟೆ, ಒಳಹರಿವು, ಅಚ್ಚು. ಜೋಕು ಹಳತಾಗುತ್ತದೆ, ಪದ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಮೊದಲ ಮೆಸೇಜು ಕಳಿಸಿದ್ದು ಒಂದು ಸಂಜೆ, ಆರು ಗಂಟೆ ದಾಟಿದ ಮೇಲೆ. ಬರೆದಿದ್ದು ಇಷ್ಟೇ: "ಬಸ್ಸಾರು ಸಿಕ್ತಾ?"

ಉತ್ತರ ಬಂತು: "ಸಿಕ್ತು. ಬಿಸಿಯಾಗಿದೆ. ಸೀಟಿಲ್ಲ."

ಈ ಉತ್ತರ ನೋಡಿ ನನಗೆ ಮನುಷ್ಯ ಆಟಕ್ಕೆ ಬರುತ್ತಾರೆ ಅಂತ ಗೊತ್ತಾಯಿತು. ಬಿಸಿ ಅನ್ನುವುದು ಸಾರಿಗೂ ಆಯಿತು, ತುಂಬಿದ ಬಸ್ಸಿಗೂ ಆಯಿತು. ಆಟ ಗೊತ್ತಿಲ್ಲದವರು "ಹಹ, ಸಿಕ್ತು" ಅಂತ ಬರೆದು ಮುಗಿಸುತ್ತಿದ್ದರು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ನಾನು ಬಸ್ಸಾರು ಅಂತ ಒಂದೇ ಪದವಾಗಿ ಬರೆದೆ. "ಬಸ್ಸು ಆರು" ಅಂತ ಬಿಡಿಸಲಿಲ್ಲ, ಪಕ್ಕದಲ್ಲಿ ಕಣ್ಣು ಹೊಡೆಯುವ ಚಿತ್ರ ಹಾಕಲಿಲ್ಲ. ಸಾದಾ ಅರ್ಥವನ್ನು ಬರೆಯಬೇಕು, ಇನ್ನೊಂದನ್ನು ಓದುವವರು ಒಡೆದುಕೊಳ್ಳಬೇಕು. ಎರಡು, "ಸಿಕ್ತಾ" ಅನ್ನುವುದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಆಗ ನಾವು "ನೀವು" ಅನ್ನುತ್ತಿದ್ದೆವು. "ನೀವು" ಅಂತ ಬರೆದರೆ ತಮಾಷೆ ಬಿಗಿಯಾಗುತ್ತದೆ, "ನೀನು" ಅಂದರೆ ಜಾಸ್ತಿ ಸಲಿಗೆ. ಬಂತಾ, ಆಯ್ತಾ, ಸಿಕ್ತಾ, ಇದೆಯಾ ಅನ್ನುವ ಕ್ರಿಯೆಗಳಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ತಿಂಗಳುಗಟ್ಟಲೆ ಹೀಗೇ ಸಾಗಿಸಿದೆವು.

ಆಮೇಲೆ ಪದ ತಾನೇ ಬೆಳೆಯಿತು. ಬಸ್ಸು ತಡವಾದರೆ ಅವರು "ಇವತ್ತು ಬಸ್ಸಾರೂವರೆ" ಅಂತ ಬರೆಯುವರು. ಇನ್ನೂ ತಡವಾದರೆ "ಬಸ್ಸೇಳು". ಅಡುಗೆಮನೆಯಲ್ಲಿ ಅಂಥ ಸಾರೇ ಇಲ್ಲ, ಅದಕ್ಕೇ ಚೆಂದ.

ಕನ್ನಡದಲ್ಲಿ ಇಂಥ ಪದ ಹುಡುಕೋಕೆ ನಾನು ಮೊದಲು ನೋಡುವುದು ಪದಗಳು ಸೇರುವ ಜಾಗ. ಶಾಲೆಯಲ್ಲಿ ಕಲಿತ ಲೋಪಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಸ್ಸು, ಆರು ಸೇರಿದರೆ ಬಸ್ಸಾರು. ನಿಜವಾದ ಬಸ್ಸಾರು ಬೇಳೆ ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಬಂದದ್ದು, ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಬಾಯಲ್ಲಿ ಎರಡೂ ಒಂದೇ. ಕೂಡಿದ್ದನ್ನು ಬೇರೆ ಮಾಡಿಯೂ ಆಡಬಹುದು. ಅವರ ಊರಿನ ಆಲೆಮನೆಯಿಂದ ಒಂದು ಸಲ ಅಚ್ಚು ಬೆಲ್ಲ ತಂದುಕೊಟ್ಟರು. ಸಂಜೆ ಮೆಸೇಜು: "ಅಚ್ಚು ತಲುಪಿತಲ್ವಾ? ಮೆಚ್ಚು ಬಾಕಿ ಇದೆ." ಅಚ್ಚುಮೆಚ್ಚು ಅನ್ನುವ ಜೋಡಿಪದವನ್ನು ಮುರಿದು, ಅರ್ಧ ಡಬ್ಬಿಯಲ್ಲಿ ಕೊಟ್ಟು, ಅರ್ಧ ನನ್ನಿಂದ ಕೇಳಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಅದು ನನಗೆ ಹೊಳೆಯಬೇಕಿತ್ತು.

ಇನ್ನೊಂದು ಜಾಗ ಪದದ ಬಾಲ. "ಕಾಡಿಗೆ" ನೋಡಿ. ಕಣ್ಣಿಗೆ ಹಚ್ಚುವುದೂ ಅದೇ, ಕಾಡಿನ ಕಡೆಗೆ ಅನ್ನುವುದೂ ಅದೇ. ಬಂಡೀಪುರಕ್ಕೆ ಹೋಗುವ ಮಾತು ಗುಂಪಿನಲ್ಲಿ ನಡೆದಾಗ ಅವರು ನನಗೆ ಬೇರೆಯಾಗಿ ಬರೆದರು: "ಕಾಡಿಗೆ ಇಲ್ಲದೆ ಬರಬಾರದು." ಆ ದಿನ ನಾನು ಕಣ್ಣಿಗೆ ಏನೂ ಹಚ್ಚದೆ ಆಫೀಸಿಗೆ ಹೋಗಿದ್ದೆ. ಕಾಡು ಅನ್ನುವುದು ಕ್ರಿಯಾಪದವೂ ಹೌದಲ್ಲ, ಹಾಗಾಗಿ ನಾನು, "ಕಾಡೋರು ಯಾರು ಅಂತ ಗೊತ್ತಾಯ್ತು" ಅಂದೆ.

ಎಲ್ಲಕ್ಕಿಂತ ಯೋಚಿಸಿ ಕಳಿಸಿದ್ದು ಮುದ್ದೆಯದ್ದು. ಮುದ್ದೆ, ಮುದ್ದು ಅಂತ ಆಡುವುದು ಹೊಸದೇನಲ್ಲ, ಮಂಡ್ಯದಲ್ಲಿ ಚಿಕ್ಕ ಮಕ್ಕಳೂ ಆಡುತ್ತಾರೆ. "ಮುದ್ದೆ ತಿನ್ನೋ ಮುದ್ದು" ಅಂತ ಬರೆದಿದ್ದರೆ ಅದು ಮೊದಲು ಹೇಳಿದ ಸಿದ್ಧ ಸಾಲೇ ಆಗುತ್ತಿತ್ತು. ಹಾಗಾಗಿ ಅದಕ್ಕೆ ನಮ್ಮ ಬಸ್ಸಾರನ್ನು ಸೇರಿಸಿದೆ: "ಮುದ್ದೆಗೆ ಬಸ್ಸಾರು ಸರಿ. ಮುದ್ದಿಗೆ ಏನು?"

ಇದರಲ್ಲಿ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಒಂದೇ ಸ್ವರ. ಕೈ ತಪ್ಪಿ ಒತ್ತಿದೆ ಅಂತ ಬೇಕಾದರೂ ಹೇಳಬಹುದು. ಆ ಬಾಗಿಲು ನನಗೂ ಬೇಕು, ಅವರಿಗೂ ಬೇಕು. ಅವರಿಗೆ ಇಷ್ಟವಿಲ್ಲದಿದ್ದರೆ "ಮುದ್ದೆಗೆ ಉಪ್ಸಾರೂ ಆಗುತ್ತೆ" ಅಂತ ಬರೆದು ಸುಮ್ನೆ ಅಡುಗೆ ಮಾತಿಗೆ ವಾಪಸು ಹೋಗಬಹುದಿತ್ತು. ಹೀಗೆ ಸಾದಾ ಅರ್ಥಕ್ಕೆ ಮಾತ್ರ ಉತ್ತರ ಬಂದರೆ ಅದನ್ನು "ಬೇಡ" ಅಂತಲೇ ಓದಬೇಕು. ಅರ್ಥವಾಗಿಲ್ಲವೇನೋ ಅಂತ ಬಿಡಿಸಿ ಬರೆಯಲು ಹೋಗಬಾರದು. ಅರ್ಥವಾಗಿರುತ್ತದೆ.

ಅವರು ತುಂಬಾ ಹೊತ್ತು ಬಿಟ್ಟು ಬರೆದರು: "ಮುದ್ದೆ ನುಂಗೋದು ಅಭ್ಯಾಸ ಇದೆ. ಈ ಮಾತು ನುಂಗೋಕೆ ಆಗ್ತಿಲ್ಲ."

ಮುದ್ದೆಯನ್ನು ಅಗಿಯದೆ ನುಂಗುವುದು ಎಲ್ಲರಿಗೂ ಗೊತ್ತು. ಮಾತು ನುಂಗುವುದು ಅಂದರೆ ಹೇಳದೆ ಒಳಗೇ ಇಟ್ಟುಕೊಳ್ಳುವುದು. ಅವತ್ತು ನಾನು ಬೇರೆ ಶ್ಲೇಷೆ ಹುಡುಕಲಿಲ್ಲ, ಫೋನ್ ಮಾಡಿದೆ.

ನಾನು ಕಳಿಸುವ ಮೊದಲು ನೋಡುತ್ತಿದ್ದುದು ಒಂದೇ: ಸಾದಾ ಅರ್ಥ ಆ ದಿನಕ್ಕೆ ನಿಜವಾಗಿದೆಯಾ? ಡಬ್ಬಿಯಲ್ಲಿ ಮುದ್ದೆ ಇಲ್ಲದ ದಿನ ಮುದ್ದೆ ಮಾತು ಬಂದರೆ ಬೇಕಂತಲೇ ಎಳೆದು ತಂದಂತೆ ಕಾಣುತ್ತದೆ. ಕೆಲವು ಪದಗಳನ್ನು ಪಟ್ಟಿಯಲ್ಲೇ ಬಿಟ್ಟೆ. ಕಬ್ಬು, ಕಬ್ಬ ನೋಡೋಕೆ ಚೆನ್ನಾಗಿದೆ, ಆದರೆ ಹಳಗನ್ನಡದಲ್ಲಿ ಕಬ್ಬ ಅಂದರೆ ಕಾವ್ಯ ಅಂತ ನಾನೇ ವಿವರಿಸಬೇಕು. ವಿವರಿಸಿದರೆ ಪಾಠ ಆಗುತ್ತದೆ. ಹಕಾರದ ಆಟವನ್ನೂ ಮುಟ್ಟಲಿಲ್ಲ. ಮಂಡ್ಯದ ಕಡೆ ಹಾಲು ಆಲು ಆಗುವುದನ್ನು ಇಟ್ಟುಕೊಂಡು ಮೈಸೂರಿನವಳು ತಮಾಷೆ ಮಾಡಿದರೆ ಅದು ಅವರ ಮಾತನ್ನು ಆಡಿಕೊಂಡಂತೆ. ಅವರೇ ಶುರು ಮಾಡಿದರೆ ಬೇರೆ ವಿಷಯ. ಇನ್ನು, ಕನ್ನಡ ಲಿಪಿಯಲ್ಲೇ ಬರೆಯಬೇಕು. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ ಥರ ಕಾಣುತ್ತವೆ, ಶ್ಲೇಷೆ ಯಾವುದು ಕೈತಪ್ಪು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ನಮ್ಮಿಬ್ಬರ ಇನ್ನೊಂದು ಹುಚ್ಚು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಅವರಿಗೆ ಅದು ಅಪ್ಪನ ಗದ್ದೆಯ ಲೆಕ್ಕ, ನನಗೆ ಗೇಟು ತೆಗೆದ ದಿನ ನೋಡೋಕೆ ಹೋಗುವ ಆಸೆ. ಪೇಪರಿನಲ್ಲಿ ದಿನಾ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅವರು ಮಾತೇ ಆಡದ ದಿನ ನಾನು ಬರೆಯುತ್ತಿದ್ದೆ: "ಒಳಹರಿವು ಜೋರಾಗಿದೆ. ಹೊರಹರಿವು ಯಾಕೆ ನಿಂತಿದೆ?" ಒಮ್ಮೆ ಅವರು ಬರೆದದ್ದು ನನಗೆ ಈಗಲೂ ಇಷ್ಟ: "ಕಣ್ಣಂಬು ಆಡಿದ್ರೆ ಕಟ್ಟೆ ನಿಲ್ಲುತ್ತಾ?" ಕಣ್ಣಿನ ಅಂಬು, ಕಣ್ಣಂಬು. ಕನ್ನಂಬಾಡಿ ಒಳಗೆ ಅಂಬು ಇದೆ ಅಂತ ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ನಕಾರ ಣಕಾರದ ಲೆಕ್ಕ ತಪ್ಪಿದೆ ಅಂತ ಯಾರಾದರೂ ಹೇಳಿದರೆ ಹೇಳಲಿ.

2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲಿಲ್ಲ. ಆ ವರ್ಷ ಈ ಆಟವನ್ನು ಪೂರ್ತಿ ನಿಲ್ಲಿಸಿದೆ. ಅವರ ಮನೆಯಲ್ಲಿ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ದಿನಾ ಮಾತು ನಡೆಯುತ್ತಿರುವಾಗ ಒಳಹರಿವಿನ ತಮಾಷೆ ಹೇಗೆ ಮಾಡುವುದು? ಹಂಚಿಕೊಂಡ ಆಸಕ್ತಿ ಅನ್ನುತ್ತೇವಲ್ಲ, ಒಬ್ಬರಿಗೆ ಅದು ಖುಷಿ, ಇನ್ನೊಬ್ಬರಿಗೆ ಹೊಟ್ಟೆಪಾಡು ಆಗಿರಬಹುದು. ಯಾರಿಗೆ ಹೊಟ್ಟೆಪಾಡೋ ಅವರೇ ಮತ್ತೆ ಶುರು ಮಾಡಲಿ ಅಂತ ಬಿಟ್ಟೆ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಬೆಳಿಗ್ಗೆಯೇ ಅವರಿಂದ ಮೆಸೇಜು: "ತುಂಬಿದ ಮೇಲೆ ಬಾಗಿನ ಕೊಡಬೇಕಲ್ವಾ? ಯಾವತ್ತು ಬರಲಿ?"

ಕಾವೇರಿಗೆ ಬಾಗಿನ ಕೊಡುವುದೂ ಆಯಿತು, ಗೌರಿ ಹಬ್ಬಕ್ಕೆ ಮನೆಯ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಕೊಡುವುದೂ ಆಯಿತು. ನಾನು ಬರೆದೆ: "ಭಾನುವಾರ ಅಪ್ಪ ಮನೇಲಿರ್ತಾರೆ. ಮುಖ್ಯಮಂತ್ರಿಗಳು ಬರಬೇಕಾಗಿಲ್ಲ, ನಿಮ್ಮ ಅಮ್ಮ ಬಂದ್ರೆ ಸಾಕು."

ಮದುವೆಯಾದ ಮೇಲೆ ಬಸ್ಸಾರಿನ ಕೆಲಸ ಕಡಿಮೆಯಾಯಿತು, ಈಗ ಅವರೂ ಮೈಸೂರಿನಲ್ಲೇ ಇರುವುದರಿಂದ ಆರರ ಬಸ್ಸಿಲ್ಲ. ಈಗ ಓಡುತ್ತಿರುವುದು ಉಪ್ಸಾರು. ಅದಕ್ಕೆ ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಪಕ್ಕದಲ್ಲಿ ಇಡುತ್ತಾರೆ, ಬೇಕಾದಷ್ಟು ಕಲಸಿಕೊಳ್ಳಬಹುದು. ಬೆಳಿಗ್ಗೆ ಜಗಳವಾಡಿ ಹೋದ ದಿನ ಮಧ್ಯಾಹ್ನ ನಾನು ಬರೆಯುತ್ತೇನೆ: "ರಾತ್ರಿಗೆ ಉಪ್ಸಾರು. ಖಾರ ಪಕ್ಕಕ್ಕಿಟ್ಟಿದ್ದೀನಿ." ಹೋದ ವಾರ ಬಂದ ಉತ್ತರ: "ನನ್ನ ಪಾಲಿನದ್ದು ನೆಂಚ್ಕೊಂಡೇ ತಿಂತೀನಿ. ತಪ್ಪು ನಂದೇ."