ಮೆಣಸಿನಕಾಯಿ ದಾಸ್ತಾನು, ಉದ್ರಿ ಖಾತೆ ಮತ್ತು ಝಕಾತ್: ನನ್ನ ಅನುಭವ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನ ಅಂಗಡಿಯಲ್ಲಿ ಕಾಣುವ ಮಾಲೆಲ್ಲ ಅವನದಾಗಿರುವುದಿಲ್ಲ, ಅವನ ಮಾಲೆಲ್ಲ ಅಂಗಡಿಯಲ್ಲಿಯೂ ಇರುವುದಿಲ್ಲ. ರೈತರು ತಂದಿಳಿಸಿ ಟೆಂಡರಿಗೆ ಇಟ್ಟ ಚೀಲಗಳು ಮಾರಾಟವಾಗುವವರೆಗೆ ರೈತರವೇ. ದಲಾಲಿ ಅಂಗಡಿಯವನ ಬಳಿ ಅವು ಅಮಾನತ್ತು ಮಾತ್ರ. ಅವನು ಖರೀದಿಸಿದ ಮಾಲು ಕೋಲ್ಡ್ ಸ್ಟೋರೇಜಿನಲ್ಲಿರುತ್ತದೆ, ಮಾರಿದ ಮಾಲಿನ ಹಣ ಉದ್ರಿಯ ರೂಪದಲ್ಲಿ ಪರವೂರಿನಲ್ಲಿರುತ್ತದೆ. ಮುಸ್ಲಿಮರಲ್ಲಿ ಉಳ್ಳವರು ವರ್ಷಕ್ಕೊಮ್ಮೆ ತಮ್ಮ ಸಂಪತ್ತಿನ 40ನೆಯ ಒಂದು ಭಾಗವನ್ನು ಅರ್ಹರಿಗೆ ಕಡ್ಡಾಯವಾಗಿ ಕೊಡುವ ದಾನವೇ ಝಕಾತ್. ಅದರ ಲೆಕ್ಕ ಮಾಡುವವನು ಮೊದಲು ಈ ಮೂರನ್ನು ಬೇರ್ಪಡಿಸಬೇಕು. ನಮ್ಮ ಕಡೆ ಬಹುತೇಕ ಎಲ್ಲರೂ ಅನುಸರಿಸುವ ಹನಫಿ ಪಂಥದ ಫಿಕ್‌ಹಿನ, ಅಂದರೆ ಧರ್ಮಶಾಸ್ತ್ರದ, ಪ್ರಕಾರ ನಾನು ಈ ಲೆಕ್ಕವನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಓದುವವರಿಗೆ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಯಾವ ದಿನ ಲೆಕ್ಕ ಮಾಡಬೇಕು ಎಂಬ ವಿಷಯ ಮೊದಲು. ಸಾಲ ಕಳೆದು ಉಳಿಯುವ ನಗದು, ಬಂಗಾರ, ಬೆಳ್ಳಿ ಮತ್ತು ವ್ಯಾಪಾರದ ಮಾಲಿನ ಒಟ್ಟು ಬೆಲೆ 200 ದಿರ್ಹಮ್ ಬೆಳ್ಳಿಯ ಬೆಲೆಗೆ, ಅಂದರೆ ನಮ್ಮ ಉಲೇಮಾಗಳ ತೂಕದಲ್ಲಿ 52.5 ತೊಲ ಅಥವಾ 612.36 ಗ್ರಾಂ ಬೆಳ್ಳಿಯ ಬೆಲೆಗೆ, ಮುಟ್ಟಿದ ದಿನದಿಂದ ಚಾಂದ್ರಮಾನದ ಒಂದು ವರ್ಷ ಶುರುವಾಗುತ್ತದೆ. ಈ ಮಟ್ಟಕ್ಕೆ ನಿಸಾಬ್ ಎನ್ನುತ್ತಾರೆ. ವರ್ಷದ ಆದಿಯಲ್ಲಿಯೂ ಅಂತ್ಯದಲ್ಲಿಯೂ ನಿಸಾಬ್ ಇದ್ದರೆ ಸಾಕು. ನಡುವೆ ಅದಕ್ಕಿಂತ ಕೆಳಗಿಳಿದರೂ ಪೂರ್ತಿ ಬರಿದಾಗದಿದ್ದರೆ ವರ್ಷ ಮುರಿಯುವುದಿಲ್ಲ. ನಡುವೆ ಬಂದ ಲಾಭಕ್ಕೆ ಬೇರೆ ವರ್ಷ ಎಣಿಸಬೇಕಾಗಿಯೂ ಇಲ್ಲ. ಸುಗ್ಗಿಯಲ್ಲಿ ಕೈಯೆಲ್ಲ ಖಾಲಿಯಾಗಿ, ಆಮೇಲೆ ತುಂಬುವ ನಮ್ಮಂಥ ವ್ಯಾಪಾರಕ್ಕೆ ಈ ನಿಯಮ ಬಹಳ ಹೊಂದುತ್ತದೆ. ನನ್ನ ದಿನ ರಂಜಾನಿನ ಮೊದಲ ತಾರೀಖು. ಮಾರ್ಚ್ 31ರ ಲೆಕ್ಕಪತ್ರವನ್ನೇ ಇದಕ್ಕೂ ಬಳಸುವವರಿದ್ದಾರೆ, ಆದರೆ ಆ ವರ್ಷ ಚಾಂದ್ರಮಾನಕ್ಕಿಂತ ಸುಮಾರು 11 ದಿನ ಉದ್ದ. ಹಾಗಾಗಿ ನಾನು ಆ ಒಂದು ದಿನಕ್ಕಾಗಿಯೇ ಬೇರೆ ಹಾಳೆಯಲ್ಲಿ ಲೆಕ್ಕ ಬರೆಯುತ್ತೇನೆ.

ಆ ದಿನ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಖರೀದಿಯ ಕಡ್ಡಿ ಮೆಣಸಿನಕಾಯಿ 40 ಕ್ವಿಂಟಲ್ ಇತ್ತು. ಕೊಂಡ ದರ ಕ್ವಿಂಟಲಿಗೆ 30,000 ರೂಪಾಯಿ, ಆ ದಿನ ಅದೇ ದರ್ಜೆಯ ಮಾಲಿಗೆ ಸಿಗುತ್ತಿದ್ದುದು 24,000. ವ್ಯಾಪಾರದ ಮಾಲಿಗೆ ಕೊಂಡ ದರ ಲೆಕ್ಕಕ್ಕಿಲ್ಲ. ವರ್ಷ ತುಂಬಿದ ದಿನ ಅದು ಎಷ್ಟಕ್ಕೆ ಹೋಗುತ್ತದೆಯೋ ಅಷ್ಟೇ ಅದರ ಬೆಲೆ. ಆದ್ದರಿಂದ 9,60,000 ಎಂದು ಬರೆದೆ. ದರ ಏರಿದ ವರ್ಷ ಇದೇ ನಿಯಮ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ, ಆಗ ಯಾರೂ ಕೊಂಡ ದರದ ಚೀಟಿ ತೆಗೆಯಬಾರದು. ನಮ್ಮಲ್ಲಿ ದರ ವಾರಕ್ಕೊಮ್ಮೆ ಬದಲಾಗುವುದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ: ಲೆಕ್ಕ ಮಾಡಿದ್ದು ಇಂದು, ಕೊಡುವುದು ತಿಂಗಳ ನಂತರ ಎಂದಾದರೆ ಯಾವ ದಿನದ ದರ ಹಿಡಿಯಬೇಕು? ಇಮಾಮ್ ಅಬೂ ಹನೀಫಾರ ಅಭಿಪ್ರಾಯದಲ್ಲಿ ಝಕಾತ್ ಕಡ್ಡಾಯವಾದ ದಿನದ ದರ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದರ ಪ್ರಕಾರ ಕೊಡುವ ದಿನದ ದರ. ನಾನು ಮೊದಲನೆಯದನ್ನು ಹಿಡಿದಿದ್ದೇನೆ, ಏಕೆಂದರೆ ಯಾವ ದರ ಅಗ್ಗವೋ ಆ ದಿನಕ್ಕೆ ಕಾಯುವ ಆಸೆಗೆ ಅಲ್ಲಿ ಎಡೆಯಿಲ್ಲ. ಹಣದ ಬದಲು ಮಾಲನ್ನೇ ಕೊಡುವುದಾದರೆ ಈ ಗೊಂದಲವೇ ಇಲ್ಲ: 40 ಕ್ವಿಂಟಲಿನಲ್ಲಿ ಒಂದು ಕ್ವಿಂಟಲ್ ಕೊಟ್ಟರೆ ಆ ಮಾಲಿನ ಝಕಾತ್ ಮುಗಿಯಿತು. ಆದರೆ ಒಂದು ಕ್ವಿಂಟಲ್ ಮೆಣಸಿನಕಾಯಿ ಪಡೆದ ಬಡವ ಅದನ್ನು ಮಾರಲು ಮತ್ತೆ ನಮ್ಮ ಅಂಗಡಿಗೇ ಬರಬೇಕಾದೀತು.

ಅದೇ ಸ್ಟೋರೇಜಿನಲ್ಲಿ ನಮ್ಮ ಪಿತ್ರಾರ್ಜಿತ ಹೊಲದ ಆರು ಕ್ವಿಂಟಲ್ ಕಾಯಿಯೂ ಇತ್ತು. ಅದನ್ನು ಎಣಿಸಲಿಲ್ಲ. ವ್ಯಾಪಾರದ ಮಾಲು ಎನಿಸಿಕೊಳ್ಳಲು ಮಾರುವ ಉದ್ದೇಶದಿಂದ ಕೊಂಡಿರಬೇಕು. ಬೆಳೆದದ್ದು ಅಥವಾ ವಾರಸಾಗಿ ಬಂದದ್ದು, ಮಾರುವ ಮನಸ್ಸಿದ್ದ ಮಾತ್ರಕ್ಕೆ, ವ್ಯಾಪಾರದ ಮಾಲಾಗುವುದಿಲ್ಲ. ಮಾರಿದ ಮೇಲೆ ಬಂದ ಹಣ ಮಾತ್ರ ಉಳಿದ ಹಣದೊಂದಿಗೆ ಸೇರುತ್ತದೆ. ಬೆಳೆಯಿಂದ ತೆಗೆದು ಕೊಡುವ ಪಾಲಾದ ಉಶ್ರ್ ಬೇರೆಯೇ ವಿಷಯ. ಮಳಿಗೆ, ತೂಕದ ಯಂತ್ರ, ಓಡಾಡುವ ಗಾಡಿ ಇವಕ್ಕೆ ಝಕಾತ್ ಇಲ್ಲ. ಖಾಲಿ ಚೀಲಗಳ ವಿಷಯದಲ್ಲಿ ಹಳೆಯ ಫಕೀಹರು, ಅಂದರೆ ಧರ್ಮಶಾಸ್ತ್ರದ ಪಂಡಿತರು, ಆಶ್ಚರ್ಯವಾಗುವಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಮಾಲಿನೊಂದಿಗೆ ಗಿರಾಕಿಗೆ ಹೋಗುವ ಚೀಲ ಮಾಲಿನ ಭಾಗ, ಅಂಗಡಿಯಲ್ಲೇ ಉಳಿದು ಮತ್ತೆ ಮತ್ತೆ ಬಳಕೆಯಾಗುವ ಚೀಲ ಬರೀ ಸಾಧನ. ಮೊದಲ ಬಗೆಯವು 10,000 ರೂಪಾಯಿಯವು ಇದ್ದವು. ನಗದು ಮತ್ತು ಬ್ಯಾಂಕಿನಲ್ಲಿ 1,90,000 ಇತ್ತು. ಹೆಂಡತಿಯ ಬಂಗಾರ ಅವಳ ಸ್ವತ್ತು, ಅದರ ಲೆಕ್ಕವೂ ಹೊಣೆಯೂ ಅವಳದೇ. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಉದ್ರಿ. ಮಾರಿದ ಮಾಲಿನ ಬಾಕಿ ಮತ್ತು ಕೈಗಡ ಕೊಟ್ಟ ಹಣವನ್ನು ಫಿಕ್‌ಹಿನಲ್ಲಿ ಬಲವಾದ ಸಾಲವೆಂದು ಕರೆಯುತ್ತಾರೆ. ಸಾಲಗಾರ ಒಪ್ಪಿಕೊಂಡಿರುವವರೆಗೆ ಅದಕ್ಕೆ ವರ್ಷವರ್ಷವೂ ಝಕಾತ್ ಬರುತ್ತದೆ, ಆದರೆ ಕೈಯಿಂದ ಕೊಡುವ ಹೊಣೆ ಹುಟ್ಟುವುದು ನಿಸಾಬಿನ ಐದನೆಯ ಒಂದು ಭಾಗದಷ್ಟಾದರೂ ವಸೂಲಾದಾಗ. ಹಾಗೆ ಕಾದರೆ ಹಿಂದಿನ ವರ್ಷಗಳ ಲೆಕ್ಕವನ್ನೆಲ್ಲ ಒಮ್ಮೆಲೇ ಬಿಡಿಸಬೇಕಾಗುತ್ತದೆ. ಅದಕ್ಕಿಂತ ಆಯಾ ವರ್ಷವೇ ಕೊಟ್ಟು ಬಿಡುವುದು ಅಂಗಡಿಕಾರನಿಗೆ ಹಗುರ. ನನ್ನ ಖಾತೆಯಲ್ಲಿ ಬರಬೇಕಾದದ್ದು 4,60,000. ಅದರಲ್ಲಿ 60,000 ಒಬ್ಬ ಪರವೂರಿನ ವ್ಯಾಪಾರಿಯದು; ಅವನು ಮಾಲೇ ಬಂದಿಲ್ಲ ಎನ್ನುತ್ತಾನೆ, ನನ್ನ ಬಳಿ ಬಿಲ್ಲೂ ಇಲ್ಲ ಸಾಕ್ಷಿಯೂ ಇಲ್ಲ. ಇಂಥದ್ದಕ್ಕೆ ಮಾಲ್-ಎ-ಝಿಮಾರ್ ಎಂದು ಹೆಸರು. ಅದಕ್ಕೆ ಝಕಾತ್ ಇಲ್ಲ, ಮುಂದೆಂದಾದರೂ ಬಂದರೂ ಕಳೆದ ವರ್ಷಗಳದ್ದು ಬೀಳುವುದಿಲ್ಲ. ಹಾಗಾಗಿ 4,00,000 ಮಾತ್ರ ಎಣಿಸಿದೆ.

ಒಟ್ಟು 15,60,000 ಆಯಿತು. ಕೊಡಬೇಕಾದದ್ದರಲ್ಲಿ ರೈತರ ಪಟ್ಟಿಯ ಬಾಕಿ 2,40,000, ಸ್ಟೋರೇಜ್ ಬಾಡಿಗೆ ಮತ್ತು ಹಮಾಲಿ 20,000. ಇವನ್ನು ಕಳೆದರೆ 13,00,000 ಉಳಿಯುತ್ತದೆ. ಅದರ 40ನೆಯ ಒಂದು ಭಾಗ 32,500 ರೂಪಾಯಿ. ಸಾಲವನ್ನು ಹೀಗೆ ಕಳೆಯುವುದು ಹನಫಿ ನಿಯಮ ಎಂಬುದನ್ನು ನೆನಪಿಡಬೇಕು. ಕರಾವಳಿಯಲ್ಲಿ, ಭಟ್ಕಳದ ಕಡೆ, ಶಾಫಿಈ ಪಂಥವಿದೆ. ಆ ಪಂಥದ ಪ್ರಬಲ ಅಭಿಪ್ರಾಯದಲ್ಲಿ ಸಾಲವಿದೆ ಎಂಬ ಕಾರಣಕ್ಕೆ ಝಕಾತ್ ತಗ್ಗುವುದಿಲ್ಲ, ಆದರೆ ಹೆಂಗಸರು ಧರಿಸುವ ಆಭರಣಕ್ಕೆ ಅಲ್ಲಿ ಝಕಾತ್ ಇಲ್ಲ. ನನಗೆ ಅನುಕೂಲವಾದುದನ್ನು ಎರಡೂ ಕಡೆಯಿಂದ ಆಯ್ದುಕೊಂಡರೆ ಅದು ಯಾವ ಪಂಥದ ಲೆಕ್ಕವೂ ಆಗುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದು ಲೆಕ್ಕಕ್ಕಿಂತ ಕಠಿಣ. ಕುರ್‌ಆನಿನ ಒಂಬತ್ತನೆಯ ಅಧ್ಯಾಯದ 60ನೆಯ ವಚನ ಎಂಟು ವರ್ಗಗಳನ್ನು ಹೇಳುತ್ತದೆ: ಬಡವರು, ನಿರ್ಗತಿಕರು, ಝಕಾತ್ ಸಂಗ್ರಹಿಸುವ ನೌಕರರು, ಮನವೊಲಿಸಬೇಕಾದವರು, ದಾಸ್ಯದಿಂದ ಬಿಡುಗಡೆ ಬೇಕಾದವರು, ಸಾಲದಲ್ಲಿ ಮುಳುಗಿದವರು, ಅಲ್ಲಾಹನ ಮಾರ್ಗದಲ್ಲಿರುವವರು, ಕೈಯಲ್ಲಿ ಹಣವಿಲ್ಲದ ಪ್ರಯಾಣಿಕರು. ಶಾಫಿಈ ಪಂಥದಲ್ಲಿ ಲಭ್ಯವಿರುವ ಎಲ್ಲ ವರ್ಗಗಳಿಗೂ ಹಂಚಬೇಕು. ಹನಫಿಯಲ್ಲಿ ಒಂದೇ ವರ್ಗಕ್ಕೆ, ಒಬ್ಬನೇ ವ್ಯಕ್ತಿಗೆ ಕೊಟ್ಟರೂ ಸಲ್ಲುತ್ತದೆ. ಮನವೊಲಿಸಬೇಕಾದವರ ಪಾಲು ಹನಫಿಯರಲ್ಲಿ ಈಗ ಜಾರಿಯಲ್ಲಿಲ್ಲ. ನಮ್ಮ ಊರಿನಲ್ಲಿ ನಿಜವಾಗಿ ಎದುರಾಗುವುದು ಬಡವರು ಮತ್ತು ಸಾಲಗಾರರು.

ಮಾಲು ಸಾಗಿಸುವ ಟಂಟಂ ಓಡಿಸುವವನೊಬ್ಬ ನನಗೆ 15,000 ರೂಪಾಯಿ ಕೊಡಬೇಕಿತ್ತು. ನಾನು ಝಕಾತ್ ತೆಗೆಯುತ್ತೇನೆಂದು ಅವನಿಗೆ ಗೊತ್ತು. “ಸಾವಕಾರ್ರ, ನನ್ನ ಬಾಕಿ ಅದರಾಗ ಮುರಕೊಂಡ ಬಿಡ್ರಿ” ಎಂದ. ಕೇಳಲು ಸರಳವಾಗಿರುವ ಈ ದಾರಿ ಸಲ್ಲುವುದಿಲ್ಲ. ಝಕಾತಿಗೆ ತಮ್ಲೀಕ್ ಬೇಕು, ಅಂದರೆ ಹಣ ಅರ್ಹ ವ್ಯಕ್ತಿಯ ಕೈಸೇರಿ ಅವನ ಸ್ವತ್ತಾಗಬೇಕು. ಬಾಕಿ ಮನ್ನಾ ಮಾಡಿದರೆ ಏನೂ ಕೈಸೇರುವುದಿಲ್ಲ. ಬಡ ಸಾಲಗಾರನ ಸಾಲವನ್ನು ಪೂರ್ತಿ ಬಿಟ್ಟರೆ ಆ 15,000ದ ಮೇಲಿನ ಝಕಾತ್ 375 ರೂಪಾಯಿ ಮಾತ್ರ ಇಳಿದುಹೋಗುತ್ತದೆ, ಉಳಿದ 32,125 ನನ್ನ ಮೇಲೆ ಹಾಗೆಯೇ ನಿಲ್ಲುತ್ತದೆ. ಮಸೀದಿಯ ಕಟ್ಟಡಕ್ಕೆ, ಶವದ ಕಫನ್ನಿಗೆ, ಸತ್ತವರ ಸಾಲಕ್ಕೆ ಝಕಾತ್ ಸಲ್ಲದಿರುವುದೂ ಇದೇ ಕಾರಣಕ್ಕೆ.

ಫಕೀಹರು ತೋರಿಸಿದ ದಾರಿ ಬೇರೆ: ಮೊದಲು ಅವನ ಕೈಗೆ ಝಕಾತ್ ಕೊಡಬೇಕು, ಆಮೇಲೆ ಸಾಲ ಕೇಳಬೇಕು. ಮರಳಿ ಕೊಡಲೇಬೇಕೆಂಬ ಕರಾರನ್ನು ಮೊದಲೇ ಹಾಕಿದರೆ ಸ್ವತ್ತು ಹೆಸರಿಗೆ ಮಾತ್ರ ಅವನದಾಗುತ್ತದೆ ಎಂಬುದು ನನ್ನ ತಿಳಿವಳಿಕೆ, ಆದ್ದರಿಂದ ಕರಾರು ಹಾಕಲಿಲ್ಲ. ಕೊಡುವ ಮೊದಲು ಅವನ ಸ್ಥಿತಿ ನೋಡಿದೆ. ಟಂಟಂನ ಬೆಲೆ ನಿಸಾಬಿಗಿಂತ ಹೆಚ್ಚು, ಆದರೆ ಅದು ಅನ್ನದ ದಾರಿ. ಇರುವ ಮನೆ, ದುಡಿಮೆಯ ಸಾಧನ, ಮನೆಯ ಪಾತ್ರೆಪಡಗ ಲೆಕ್ಕಕ್ಕೆ ಬರುವುದಿಲ್ಲ. ಇವುಗಳ ಹೊರತಾಗಿ, ಬಳಸದೆ ಬಿಟ್ಟ ಪ್ಲಾಟು ಮುಂತಾದ ಸ್ವತ್ತು ಸಾಲ ಕಳೆದೂ ನಿಸಾಬಿನ ಬೆಲೆ ಮುಟ್ಟಿದರೆ, ಅದು ವ್ಯಾಪಾರದ್ದಲ್ಲದಿದ್ದರೂ ಅವನು ಝಕಾತ್ ಪಡೆಯುವಂತಿಲ್ಲ. ಅವನಲ್ಲಿ ಅಂಥದ್ದೇನೂ ಇರಲಿಲ್ಲ. 15,000 ಅವನ ಕೈಗಿಟ್ಟೆ. ಅವನು 10,000 ಸಾಲಕ್ಕೆ ಕಟ್ಟಿ, 5,000 ಮಗಳ ಶಾಲೆಯ ಫೀಗೆ ಇಟ್ಟುಕೊಂಡ. ಹಣ ಅವನದು, ಆಯ್ಕೆಯೂ ಅವನದು. ನನ್ನ ಝಕಾತ್ 15,000ವೂ ಸಂದಿತು, ಖಾತೆಯಲ್ಲಿ ಅವನ ಬಾಕಿ 5,000 ಉಳಿಯಿತು.

ಹಾವೇರಿಯಲ್ಲಿರುವ ವಿಧವೆ ಅಕ್ಕನಿಗೆ 10,000 ಕೊಡಬೇಕೆಂದಿದ್ದೆ. ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಹೆಂಡತಿ ಇವರಿಗೆ ನನ್ನ ಝಕಾತ್ ಸಲ್ಲದು, ಒಡಹುಟ್ಟಿದವರಿಗೆ ಸಲ್ಲುತ್ತದೆ. ಸಂಬಂಧಿಕರಿಗೆ ಕೊಡುವುದು ಮೇಲೆಂದೇ ಹೇಳಿದ್ದಾರೆ. ತೊಡಕು ಅವಳ ಬಂಗಾರದ್ದಾಗಿತ್ತು. ಎರಡು ತೊಲ ಬಂಗಾರ ಮತ್ತು ಸ್ವಲ್ಪ ಉಳಿತಾಯ ಸೇರಿದರೆ ಇಂದಿನ ದರದಲ್ಲಿ ಬೆಳ್ಳಿಯ ನಿಸಾಬ್ ದಾಟುತ್ತದೆ, ಆಗ ಅವಳು ಪಡೆಯುವವಳಲ್ಲ, ಕೊಡುವವಳು. ನೋಡಲು ಬಡವರೆನಿಸುವ ಎಷ್ಟೋ ಹೆಂಗಸರು ಈ ಕಾರಣದಿಂದ ಹೊರಗುಳಿಯುತ್ತಾರೆ, ನಾವು ಕೇಳುವುದಕ್ಕೇ ಹೋಗುವುದಿಲ್ಲ. ಅಕ್ಕನಿಗೆ ಆಸ್ಪತ್ರೆಯ ಸಾಲ ಅವಳ ಬಂಗಾರದ ಬೆಲೆಗಿಂತ ಹೆಚ್ಚಿತ್ತು. ಸಾಲ ಕಳೆದಾಗ ಏನೂ ಉಳಿಯದ ಕಾರಣ ಅವಳು ಅರ್ಹಳಾದಳು. ಝಕಾತ್ ಎಂದು ಹೇಳದೆ ಕೊಟ್ಟೆ. ಕೊಡುವವನ ಮನಸ್ಸಿನಲ್ಲಿ ನಿಯ್ಯತ್ತು ಇದ್ದರೆ ಸಾಕು, ಪಡೆಯುವವರಿಗೆ ತಿಳಿಸಬೇಕೆಂದಿಲ್ಲ.

ಉಳಿದ 7,500ಕ್ಕೆ ಇಬ್ಬರನ್ನು ನೆನೆದಿದ್ದೆ. ಅವರಲ್ಲಿ ಒಬ್ಬರು ಸಯ್ಯದ್ ಮನೆತನದವರು. ಪ್ರವಾದಿಯವರ ಬನೂ ಹಾಶಿಮ್ ವಂಶಕ್ಕೆ ಝಕಾತ್ ಸಲ್ಲದ್ದರಿಂದ ಅವರಿಗೆ ಬೇರೆ ಹಣದಲ್ಲಿ ಸಹಾಯ ಮಾಡಿದೆ. ಇನ್ನೊಬ್ಬ ನಮ್ಮಲ್ಲೇ ಕೆಲಸ ಮಾಡುವ ಹಮಾಲ, ಬಾಡಿಗೆ ಮನೆಯಲ್ಲಿರುವವನು. ಪೂರ್ತಿ 7,500 ಅವನಿಗೇ ಹೋಯಿತು. ಅವನ ಹಮಾಲಿಯ ಲೆಕ್ಕವನ್ನು ಹಿಂದಿನ ದಿನವೇ ಚುಕ್ತಾ ಮಾಡಿದ್ದೆ, ಏಕೆಂದರೆ ದುಡಿಮೆಗೆ ಬದಲಾಗಿ ಕೊಟ್ಟದ್ದು ಕೂಲಿಯಾಗುತ್ತದೆ, ಝಕಾತ್ ಆಗುವುದಿಲ್ಲ.