ಆದ ಘಟನೆಯನ್ನು ಈಗ ಆಗುತ್ತಿರುವಂತೆ ಬರೆಯುವುದು ಹೇಗೆ?

ಮೊದಲು ಘಟನೆಯನ್ನು ಭೂತಕಾಲದಲ್ಲೇ ಬರೆದುಕೊಳ್ಳಿ. ಸಿದ್ದಾಪುರ ಕಡೆಯ ಒಂದು ಕಾಫಿ ತೋಟ, ಹಲಸು ಹಣ್ಣಾಗುವ ಕಾಲ ಅಂತಿಟ್ಟುಕೊಳ್ಳೋಣ.

‘ಮೇಸ್ತ್ರಿ ಗೇಟು ತೆಗೆದ. ಟಾರ್ಚ್ ಹಾಕಿದ. ಹಲಸಿನ ಮರದ ಕೆಳಗೆ ಆನೆ ನಿಂತಿತ್ತು. ಅವನು ಕದಲಲಿಲ್ಲ.’

ಈಗ ಕ್ರಿಯಾಪದಗಳನ್ನಷ್ಟೇ ವರ್ತಮಾನಕ್ಕೆ ತಿರುಗಿಸಿ.

‘ಮೇಸ್ತ್ರಿ ಗೇಟು ತೆಗೆಯುತ್ತಾನೆ. ಟಾರ್ಚ್ ಹಾಕುತ್ತಾನೆ. ಹಲಸಿನ ಮರದ ಕೆಳಗೆ ಆನೆ ನಿಂತಿರುತ್ತದೆ. ಅವನು ಕದಲುವುದಿಲ್ಲ.’

ಜೋರಾಗಿ ಓದಿ ನೋಡಿ. ಆನೆ ದಿನಾ ಅಲ್ಲಿ ನಿಂತಿರುತ್ತದೆ, ಮೇಸ್ತ್ರಿ ದಿನಾ ಹೀಗೇ ಮಾಡುತ್ತಾನೆ ಅನ್ನಿಸುತ್ತದೆ, ಅಲ್ವಾ? ಕನ್ನಡದಲ್ಲಿ ‘ತೆಗೆಯುತ್ತಾನೆ’ ಅಂದರೆ ರೂಢಿಯೂ ಆಗಬಹುದು, ನಾಳಿನ ಮಾತೂ ಆಗಬಹುದು. ‘ಕದಲುವುದಿಲ್ಲ’ ಅಂದಾಗ ಹಟದ ಧ್ವನಿಯೂ ಸೇರುತ್ತದೆ. ಅದಕ್ಕೇ ಇರುವ ಸ್ಥಿತಿಯನ್ನು ಹೇಳುವಾಗ ‘ನಿಂತಿದೆ’, ‘ಕದಲುತ್ತಿಲ್ಲ’ ಎಂದು ಬರೆಯಿರಿ. ಆ ಕ್ಷಣ ಕಣ್ಣೆದುರು ಬರುತ್ತದೆ.

ಇನ್ನು ವೇಗ. ವರ್ತಮಾನಕಾಲ ಬಳಸಿದರೆ ಕಥೆ ತಾನಾಗೇ ಓಡುತ್ತದೆ ಎಂದು ತುಂಬಾ ಜನ ನಂಬುತ್ತಾರೆ. ನಮ್ಮ ಭಾಷೆಯಲ್ಲಿ ಹೆಚ್ಚಾಗಿ ಉಲ್ಟಾ. ‘ತೆಗೆದ’ ಚಿಕ್ಕದು, ಹೇಳಿದ ಕೂಡಲೇ ಕೆಲಸ ಮುಗಿಯಿತು. ‘ತೆಗೆಯುತ್ತಾನೆ’ ಉದ್ದ. ನಾಲ್ಕು ವಾಕ್ಯ ಸಾಲಾಗಿ ‘ತ್ತಾನೆ, ತ್ತಾನೆ’ ಎಂದು ಮುಗಿದರೆ ಓದು ಎಳೆದಾಡುತ್ತದೆ. ಆಗ ಕ್ರಿಯೆಗಳನ್ನು ಜೋಡಿಸಿ, ಒಂದು ಕಡೆ ಕ್ರಿಯಾಪದವನ್ನೇ ಬಿಡಿ: ‘ಮೇಸ್ತ್ರಿ ಗೇಟು ತೆಗೆದು ಟಾರ್ಚ್ ಹಾಕುತ್ತಾನೆ. ಹಲಸಿನ ಮರದ ಕೆಳಗೆ ಆನೆ. ಅವನು ಕದಲುತ್ತಿಲ್ಲ.’

ಕಾಲವನ್ನು ಆರಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಕಥೆಯ ಭಾರ ಎಲ್ಲಿದೆ? ‘ಆನೆಯ ಹಿಂದೆ ಮರಿಯಿತ್ತು ಅನ್ನೋದು ಅವನಿಗೆ ಆಮೇಲೆ ಗೊತ್ತಾಯಿತು’ ಎಂಬ ಸಾಲು ನಿಮಗೆ ಬೇಕೇ ಬೇಕು ಅಂದರೆ ಭೂತಕಾಲವೇ ಸರಿ. ಅಲ್ಲಿ ಹೇಳುವವನಿಗೆ ಮುಂದಿನದೆಲ್ಲ ಗೊತ್ತು. ವರ್ತಮಾನದಲ್ಲಿ ಓದುಗನಿಗೆ ಟಾರ್ಚ್ ಬೆಳಕು ಬಿದ್ದಷ್ಟೇ ಕಾಣಬೇಕು. ಮರಿ ಕತ್ತಲೆಯಲ್ಲೇ ಉಳಿಯುತ್ತದೆ.

ಎರಡನ್ನೂ ಬೆರೆಸಬಹುದು. ಜಗಲಿಯಲ್ಲಿ ಕೂತು ಮಾತಾಡುವವರು ಇದನ್ನು ಸಲೀಸಾಗಿ ಮಾಡುತ್ತಾರೆ: ‘ಗೇಟು ತೆಗೆದೆ. ಟಾರ್ಚ್ ಹಾಕಿ ನೋಡ್ತೀನಿ, ಆನೆ ನಿಂತಿದೆ!’ ಕಾಲ ಬದಲಾದದ್ದು ಆನೆ ಕಂಡ ಜಾಗದಲ್ಲೇ. ನೀವೂ ಅಂಥ ಒಂದೇ ಜಾಗ ಹುಡುಕಿ. ಯಾಕೆ ಬದಲಾಯಿತು ಎಂದು ತೋರಿಸಲಾಗದ ಕಡೆ ಬದಲಾಗಿದ್ದರೆ ಅದು ತಪ್ಪೇ, ತಿದ್ದಿ.

ಆನೆ ಹೋದ ಮೇಲೆ ಭೂತಕಾಲಕ್ಕೆ ಮರಳಿ. ‘ಮಳೆಗಾಲ ಮುಗಿಯುವವರೆಗೆ ಅವನು ಆ ದಾರಿ ಹಿಡಿಯಲಿಲ್ಲ’ ಎಂಬ ಒಂದೇ ಸಾಲು ತಿಂಗಳುಗಳನ್ನು ದಾಟಿಸುತ್ತದೆ. ಅದನ್ನೇ ‘ಹಿಡಿಯುವುದಿಲ್ಲ’ ಎಂದು ಬರೆದರೆ ಮೇಸ್ತ್ರಿ ಶಪಥ ಮಾಡಿದಂತೆ ಕೇಳಿಸುತ್ತದೆ.